ಸಾಕ್ಷ್ಯ ಏಳರಲ್ಲಿ ನೀರಿತ್ತು

ಹಸಿರು ಫೆರಿ ಕಟ್ಟೆಗೆ ಗುದ್ದಿದ ಬೆಳಿಗ್ಗೆ ತನಿಖಾಧಿಕಾರಿ ಅದರಲ್ಲೇ ಇರಬೇಕಿತ್ತು. ಅತ್ತೆಯ ಕನ್ನಡಕ ಕಾಣೆಯಾಗಿ, ಮನೆಯೆಲ್ಲ ತಡಕಾಡಿ, ಕೊನೆಗೆ ಅದು ಅತ್ತೆಯ ತಲೆಯ ಮೇಲೆಯೇ ಸಿಗುವಷ್ಟರಲ್ಲಿ ಫೆರಿ ಹೊರಟುಹೋಗಿತ್ತು. ಹತ್ತಿದ್ದರೆ ಅವಳು ಸಾಕ್ಷಿಯಾಗುತ್ತಿದ್ದಳು. ತಪ್ಪಿಸಿಕೊಂಡದ್ದರಿಂದ ತನಿಖೆ ಅವಳ ಪಾಲಿಗೆ ಬಂತು.

ಅವಳ ಮನೆ ಅಳಿವೆಯ ಆಚೆ ದಡದಲ್ಲಿ, ಕಚೇರಿ ಈಚೆ ದಡದಲ್ಲಿ. ನಡುವೆ ಸೇತುವೆ ಇಲ್ಲ. ಜನ, ವಾಹನ, ಹಾಲು, ಪೇಪರು ಎಲ್ಲವನ್ನೂ ದಾಟಿಸಲು ಒಂದೇ ಕಂಪನಿಯ ಎರಡು ಫೆರಿಗಳಿದ್ದವು. ಒಂದು ಹಸಿರು ಬಣ್ಣದ್ದು, ಇನ್ನೊಂದು ಬಿಳಿ. ಅಂದು ಹಸಿರು ಫೆರಿ ಕಟ್ಟೆಯ ಹತ್ತಿರ ಬಂದು, ತಿರುಗಬೇಕಾದ ಕಡೆ ತಿರುಗದೆ, ನೆಟ್ಟಗೆ ಹೋಗಿ ಕಾಂಕ್ರೀಟಿಗೆ ಹಣೆ ಚಚ್ಚಿಕೊಂಡಿತು. ಡೆಕ್ಕಿನ ಮೇಲಿದ್ದ ತರಕಾರಿ ಲಾರಿ ಮುಂದಕ್ಕೆ ಜಾರಿ ಕಂಬಿಯನ್ನು ಬಗ್ಗಿಸಿ ನಿಂತಿತು. ಶಾಲೆಗೆ ಹೊರಟಿದ್ದ ಟೀಚರೊಬ್ಬರ ಹೆಗಲಿನ ಮೂಳೆ ಮುರಿಯಿತು. ಮಿಕ್ಕವರಿಗೆ ತರಚುಗಾಯ, ಬೈಗುಳ, ತಡ.

ಕಂಪನಿ ಮಧ್ಯಾಹ್ನದೊಳಗೆ ಕಾರಣ ಕಂಡುಹಿಡಿಯಿತು. ಕ್ಯಾಪ್ಟನ್ ಫೋನಿನಲ್ಲಿ ಮಾತಾಡುತ್ತಿದ್ದನಂತೆ.

ಕ್ಯಾಪ್ಟನ್ ಹೇಳಿದ್ದು ಇಷ್ಟೇ. "ಚಕ್ರ ತಿರುಗಿಸಿದೆ ಮೇಡಮ್. ದೋಣಿ ಮಾತು ಕೇಳಲಿಲ್ಲ." ಇನ್ನೇನಾದರೂ ಹೇಳುವುದಿದೆಯೇ ಎಂದು ತನಿಖಾಧಿಕಾರಿ ಕೇಳಿದಳು. ಅವನು "ಇಲ್ಲ" ಎಂದ. ಅವನ ಹೇಳಿಕೆಯ ಧ್ವನಿಮುದ್ರಣದಲ್ಲಿ ಫ್ಯಾನಿನ ಸದ್ದೇ ಹೆಚ್ಚು.

ಕಚೇರಿಯಲ್ಲಿ ಅವಳನ್ನು ಎಲ್ಲರೂ ಚೀಟಿ ಮೇಡಮ್ ಎನ್ನುತ್ತಿದ್ದರು. ಕೈಗೆ ಸಿಕ್ಕಿದ ವಸ್ತುವಿಗೆ ಚೀಟಿ ಅಂಟಿಸದೆ ಕೆಳಗಿಡುವವಳಲ್ಲ. ಎಲ್ಲಿ ಸಿಕ್ಕಿತು, ಯಾವಾಗ, ತೆಗೆದವರು ಯಾರು, ಎದುರಿಗಿದ್ದವರು ಯಾರು, ಸೀಲಿನ ಸಂಖ್ಯೆ ಏನು ಎಂದೆಲ್ಲ ಬರೆದು, ಮೇಲೆ ದೊಡ್ಡದಾಗಿ ಸಾಕ್ಷ್ಯದ ಸಂಖ್ಯೆ ಹಾಕಬೇಕು. ಮನೆಯ ಫ್ರಿಜ್ಜಿನ ಡಬ್ಬಿಗಳಿಗೂ ತಾರೀಖು ಹಾಕುತ್ತಿದ್ದಳು. ಅತ್ತೆ ಅದನ್ನು ಕಿತ್ತು, "ಮೂಸಿ ನೋಡಿದ್ರೆ ಗೊತ್ತಾಗಲ್ವಾ?" ಎನ್ನುತ್ತಿದ್ದರು.

ಹಸಿರು ಫೆರಿಯಲ್ಲಿ ಅವಳ ಜೊತೆ ಕಂಪನಿಯ ಸುರಕ್ಷತಾ ಮ್ಯಾನೇಜರ್ ಇದ್ದ. ಇಸ್ತ್ರಿ ಮಾಡಿದ ಶರ್ಟು, ಹೊಳೆಯುವ ಬೂಟು, ಬಾಗಿಲಿಗೆ ಬಾಗಿಲಿಗೆ "ನೋಡ್ಕೊಂಡು ಬನ್ನಿ" ಎನ್ನುವ ಮರ್ಯಾದೆ. ಮೊದಲು ಕ್ಯಾಪ್ಟನ್ ಕೋಣೆಯ ಕ್ಯಾಮೆರಾದ ರೆಕಾರ್ಡರನ್ನು ಬಿಚ್ಚಿ ಚೀಲಕ್ಕೆ ಹಾಕಿ ಸೀಲು ಮಾಡಿದರು. ಅದು ಸಾಕ್ಷ್ಯ ಒಂದು. ಅದರ ನಕಲು ತೆಗೆದದ್ದು ಸಾಕ್ಷ್ಯ ಎರಡು. ಮೂಲವನ್ನು ಯಾರೂ ಓಡಿಸಿ ನೋಡಬಾರದು, ನೋಡುವುದೆಲ್ಲ ನಕಲಿನಲ್ಲೇ. ಎರಡೂ ತದ್ರೂಪು ಎಂದು ತೋರಿಸುವ ಮಾರುದ್ದದ ಸಂಖ್ಯೆಯೊಂದನ್ನು ಕಂಪ್ಯೂಟರ್ ಕೊಡುತ್ತದೆ. ಅದನ್ನೂ ಚೀಟಿಯಲ್ಲಿ ಬರೆದಳು. ತರಕಾರಿ ಲಾರಿಯವನು ತನ್ನ ಗಾಜಿಗೆ ಅಂಟಿಸಿದ್ದ ಪುಟ್ಟ ಕ್ಯಾಮೆರಾದ ಕಾರ್ಡನ್ನು ತಾನಾಗಿಯೇ ತಂದುಕೊಟ್ಟ. ಅದು ಸಾಕ್ಷ್ಯ ಮೂರು. ಎರಡು ಕ್ಯಾಮೆರಾಗಳ ಗಡಿಯಾರಗಳೂ ಒಂದೊಂದು ದಾರಿ ಹಿಡಿದಿದ್ದವು. ಗುದ್ದಿದ ಕ್ಷಣದ ಅಲುಗಾಟ ಎರಡರಲ್ಲೂ ಕಾಣುತ್ತಿತ್ತು. ಅದನ್ನೇ ಮೊಳೆಯಾಗಿಟ್ಟುಕೊಂಡು ಅವಳು ಎರಡನ್ನೂ ಹೊಂದಿಸಿದಳು.

ಆಮೇಲೆ ಹಿಂಭಾಗದ ಯಂತ್ರದ ಗೂಡಿಗೆ ಇಳಿದರು. ಚುಕ್ಕಾಣಿಯನ್ನು ತಳ್ಳುವ ಉಕ್ಕಿನ ತೋಳಿಗೂ ಚುಕ್ಕಾಣಿಗೂ ನಡುವೆ ಹೆಬ್ಬೆರಳಿಗಿಂತ ದಪ್ಪದ ಒಂದು ಪಿನ್ ಇರುತ್ತದೆ. ಅದು ಎರಡು ತುಂಡಾಗಿತ್ತು. ಮೇಲಿನ ತುಂಡು ತೂತಿನಲ್ಲೇ ಕೂತಿತ್ತು, ಸಾಕ್ಷ್ಯ ನಾಲ್ಕು. ಕೆಳಗಿನದು ತಳದ ಕೊಳಕು ನೀರಿನಲ್ಲಿ ಸಿಕ್ಕಿತು, ಸಾಕ್ಷ್ಯ ಐದು.

"ಎರಡನ್ನೂ ಜೋಡಿಸಿ ನೋಡೋಣ್ವಾ? ಸರಿಯಾಗಿ ಕೂರತ್ತಾ ಅಂತ" ಎಂದ ಮ್ಯಾನೇಜರ್.

"ಬೇಡ. ಮುರಿದ ಮುಖಕ್ಕೆ ಮುಖ ತಾಗಿದ್ರೆ ಗುರುತು ಅಳಿಸಿಹೋಗತ್ತೆ."

"ಒರೆಸಿನಾದ್ರೂ ಇಡಿ, ಗಲೀಜಾಗಿದೆ."

"ಗಲೀಜೂ ಬೇಕು" ಎಂದು ಅವಳು ಎರಡನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿದಳು.

ಕೊನೆಗೆ ಎಣ್ಣೆ. ಚುಕ್ಕಾಣಿಯ ತೋಳು ಓಡುವುದು ಎಣ್ಣೆಯ ಒತ್ತಡದಿಂದ. ಹಸಿರು ಫೆರಿಯ ಟ್ಯಾಂಕಿನಿಂದ ತೆಗೆದದ್ದು ಸಾಕ್ಷ್ಯ ಆರು. ಅದಕ್ಕೆ ಎಣ್ಣೆ ತುಂಬಿಸುತ್ತಿದ್ದ, ಕಂಪನಿಯ ಗೋದಾಮಿನ ಡ್ರಮ್ಮಿನದು ಸಾಕ್ಷ್ಯ ಏಳು. ಆ ಡ್ರಮ್ಮಿನ ಎಣ್ಣೆ ಎಂದೂ ಮುಟ್ಟದ ಬಿಳಿ ಫೆರಿಯ ಟ್ಯಾಂಕಿನದು, ಹೋಲಿಸಿ ನೋಡಲು, ಸಾಕ್ಷ್ಯ ಎಂಟು. ಪ್ರತಿಯೊಂದನ್ನೂ ಜೋಡಿ ಬಾಟಲಿಗಳಲ್ಲಿ ತುಂಬಿ, ಒಂದನ್ನು ಪ್ರಯೋಗಾಲಯಕ್ಕೆ ಕಳಿಸಿ, ಇನ್ನೊಂದನ್ನು ಸೀಲು ಹಾಕಿ ಕಂಪನಿಗೇ ಕೊಟ್ಟಳು. ನಾಳೆ ಯಾರಿಗಾದರೂ ಅನುಮಾನ ಬಂದರೆ ಅವರೇ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು. ಮ್ಯಾನೇಜರ್ ಸಹಿ ಮಾಡಿ ಮೂರು ಬಾಟಲಿಗಳನ್ನೂ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ. ಕ್ಯಾಪ್ಟನ್‌ನ ಹೇಳಿಕೆ ಒಂಬತ್ತಾಯಿತು. ಅವನ ಫೋನಿನ ಕರೆಗಳ ದಾಖಲೆ ಹತ್ತು.

ಪ್ರಯೋಗಾಲಯದಿಂದ ಉತ್ತರ ಬಂದಾಗ ಕಥೆ ಸಲೀಸಾಗಿ ನಿಂತಿತು. ಡ್ರಮ್ಮಿನ ಎಣ್ಣೆಯಲ್ಲಿ ನೀರು ಸೇರಿತ್ತು, ಹಸಿರು ಫೆರಿಯ ಎಣ್ಣೆಯಲ್ಲೂ ಸೇರಿತ್ತು. ಬಿಳಿ ಫೆರಿಯದರಲ್ಲಿ ನೀರಿರಲಿಲ್ಲ. ನೀರಿನಿಂದ, ತೋಳಿಗೆ ಎಣ್ಣೆ ಬಿಡುವ ಕವಾಟ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತಿತ್ತು, ತೋಳು ಒದೆದು ಒದೆದು ಓಡುತ್ತಿತ್ತು, ಆ ಒದೆತ ತಿಂದು ತಿಂದು ಪಿನ್ನು ಬಿರುಕು ಬಿಟ್ಟಿತ್ತು. ಮುರಿದ ಮುಖದ ಹೆಚ್ಚಿನ ಭಾಗ ನುಣುಪಾಗಿ, ತುಕ್ಕಾಗಿ, ಅಲೆಯಲೆಯ ಗೆರೆಗಳಿಂದ ಕೂಡಿತ್ತು. ಅದು ಹಳೆಯ ಬಿರುಕು. ಅಂದು ಬೆಳಿಗ್ಗೆ ಹೊಸದಾಗಿ ಹರಿದದ್ದು ಅಂಚಿನ ಒರಟಾದ, ಹೊಳೆಯುವ ಚೂರು ಮಾತ್ರ. ಕ್ಯಾಮೆರಾದಲ್ಲಿ ಕ್ಯಾಪ್ಟನ್‌ನ ಎರಡೂ ಕೈ ಚಕ್ರದ ಮೇಲಿದ್ದವು. ಫೋನಿನ ದಾಖಲೆಯಲ್ಲಿ ಆ ಹೊತ್ತಿಗೆ ಕರೆಯೇ ಇರಲಿಲ್ಲ.

ಅವಳು ಕರಡು ವರದಿ ಬರೆದಳು. ಮೈಯಲ್ಲಿ, ಅಂದರೆ ವಿವರಣೆಯ ಭಾಗದಲ್ಲಿ, ಒಂದೊಂದು ಮಾತಿಗೂ ಸಾಕ್ಷ್ಯದ ಸಂಖ್ಯೆ ಕೈಯಾರೆ ಟೈಪು ಮಾಡಿದಳು. ಕೊನೆಯಲ್ಲಿ ಸಾಕ್ಷ್ಯಗಳ ಪಟ್ಟಿ. ಪಟ್ಟಿಯಲ್ಲಿ ಮಾತ್ರ, ಬೇಗ ಮುಗಿಯಲಿ ಎಂದು, ಒಂದು, ಎರಡು, ಮೂರು ಎನ್ನುವುದನ್ನು ಕಂಪ್ಯೂಟರಿಗೆ ಬಿಟ್ಟಳು. ಅದು ತಾನೇ ಎಣಿಸಿಕೊಂಡಿತು.

ನಿರ್ದೇಶಕರು ಒಳ್ಳೆಯವರು. ಆದರೆ ಅವರಿಗೆ ದಪ್ಪ ವರದಿ ಕಂಡರೆ ಆಗುತ್ತಿರಲಿಲ್ಲ. "ನೋಡಮ್ಮ, ಜನ ವರದಿಯನ್ನ ಮೊದಲು ಕೈಯಲ್ಲಿ ತೂಗ್ತಾರೆ, ಆಮೇಲೆ ಓದ್ತಾರೆ" ಎನ್ನುತ್ತಿದ್ದರು. ಶುಕ್ರವಾರ ಅತ್ತೆಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ. ಅವಳು ರಜೆ ಹಾಕಿದಳು. "ಕರಡು ನಾನು ನೋಡಿ ಕಳಿಸ್ತೀನಿ, ನೀನು ನಿಶ್ಚಿಂತೆಯಾಗಿರು" ಎಂದರು ನಿರ್ದೇಶಕರು. ಕರಡನ್ನು ಮೊದಲು ಕಂಪನಿಗೆ ಮತ್ತು ಕ್ಯಾಪ್ಟನ್‌ಗೆ ಕಳಿಸಿ, ಅವರ ಆಕ್ಷೇಪಣೆ ಕೇಳಿ, ಆಮೇಲೆ ಅಂತಿಮ ವರದಿ ಮಾಡುವುದು ಪದ್ಧತಿ.

ಅವಳು ನಿಶ್ಚಿಂತೆಯಾಗಿದ್ದಳು.

ಸೋಮವಾರ ಬೆಳಿಗ್ಗೆ ಅತ್ತೆಯನ್ನು ಮತ್ತೆ ವೈದ್ಯರಿಗೆ ತೋರಿಸಬೇಕಿತ್ತು. ಆಸ್ಪತ್ರೆ ಈಚೆ ದಡದಲ್ಲಿ. ಅತ್ತೆ ಒಂದು ಕಣ್ಣಿಗೆ ಕಪ್ಪು ಮುಚ್ಚಳ ಕಟ್ಟಿಕೊಂಡು, ಇನ್ನೊಂದರಿಂದ ಇಡೀ ಊರನ್ನು ವಿಚಾರಿಸಿಕೊಳ್ಳುತ್ತ ಕಟ್ಟೆಗೆ ಬಂದರು. ಕಟ್ಟೆಯ ಮೇಲೆ ಜಾತ್ರೆಯಂತೆ ಜನ. ಬಿಳಿ ಫೆರಿ ಹಗ್ಗ ಕಟ್ಟಿಕೊಂಡು ಸುಮ್ಮನೆ ನಿಂತಿತ್ತು. ಟಿಕೆಟ್ ಕಿಟಕಿಗೆ ಅಂಟಿಸಿದ್ದ ಕಾಗದವನ್ನು ಅತ್ತೆ ಒಂದೇ ಕಣ್ಣಿನಲ್ಲಿ ಓದಿದರು.

"ತನಿಖಾ ಕಚೇರಿಯ ಮಾಹಿತಿ ಮೇರೆಗೆ, ಚುಕ್ಕಾಣಿ ಎಣ್ಣೆಯಲ್ಲಿ ನೀರು ಇರುವುದರಿಂದ, ಬಿಳಿ ಫೆರಿಯ ಸಂಚಾರ ನಿಲ್ಲಿಸಲಾಗಿದೆ." ಓದಿ ಮುಗಿಸಿ ಸೊಸೆಯ ಕಡೆ ತಿರುಗಿದರು. "ತನಿಖಾ ಕಚೇರಿ ಅಂದ್ರೆ ನಿಂದೇ ಅಲ್ವೇನೇ?"

"ಹೌದು ಅತ್ತೆ."

"ಹಾಗಾದ್ರೆ ನೀನೇ ನಿಲ್ಸಿದ್ದಾ?"

"ಬಿಳಿ ಫೆರಿಯಲ್ಲಿ ನೀರಿಲ್ಲ ಅತ್ತೆ. ಅಂತ ನಾನೇ ಬರೆದಿದ್ದೆ."

"ಹಾಗಿದ್ರೆ ಓಡಿಸೋಕೆ ಹೇಳು."

ಟಿಕೆಟ್ ಕಿಟಕಿಯವನಿಗೂ ಹೆಚ್ಚು ಗೊತ್ತಿರಲಿಲ್ಲ. ಮ್ಯಾನೇಜರ್ ಭಾನುವಾರ ಬಂದು ನಿಲ್ಲಿಸಿದನಂತೆ. ಹಸಿರು ಫೆರಿಯ ಕ್ಯಾಪ್ಟನ್‌ನನ್ನೂ ಅಂದೇ ಕೆಲಸದಿಂದ ಅಮಾನತು ಮಾಡಿದರಂತೆ. ಸುತ್ತ ನಿಂತಿದ್ದವರಿಗೆ ಅವಳು ಯಾರೆಂದು ಮೆಲ್ಲಗೆ ತಿಳಿಯುತ್ತ ಬಂತು. ತಿಳಿಸಿದವರು ಅತ್ತೆ. ಹಾಲಿನ ಕ್ಯಾನು ಹಿಡಿದಿದ್ದವನೊಬ್ಬ ಬಹಳ ವಿನಯದಿಂದ, "ಮೇಡಮ್, ಈ ಹಾಲು ಏನ್ಮಾಡ್ಲಿ?" ಎಂದು ಕೇಳಿದ.

ಕೊನೆಗೆ ಮೀನಿನ ದೋಣಿಯವನೊಬ್ಬ ದಾಟಿಸಲು ಒಪ್ಪಿದ. ಅತ್ತೆ ಬಲೆಯ ರಾಶಿಯ ಮೇಲೆ ಕೂತು, ಅಳಿವೆಯ ಉದ್ದಕ್ಕೂ ಸೊಸೆಯ ಕೆಲಸದ ಬಗ್ಗೆ ದೋಣಿಯವನಿಗೆ ವಿವರಿಸಿದರು. "ಏನಿಲ್ಲಪ್ಪ, ಎಲ್ಲದಕ್ಕೂ ಚೀಟಿ ಅಂಟಿಸ್ತಾಳೆ" ಎಂದರು. ವೈದ್ಯರು ಕಣ್ಣು ಚೆನ್ನಾಗಿದೆ ಎಂದರು, ಮೀನಿನ ವಾಸನೆಯ ಬಗ್ಗೆ ಏನೂ ಕೇಳಲಿಲ್ಲ.

ಅತ್ತೆಯನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ, ಗಂಡನಿಗೆ ಫೋನು ಮಾಡಿ ಬರಲು ಹೇಳಿ, ಅವಳು ಕಚೇರಿಗೆ ಹೋದಳು. ಕಳಿಸಿದ ಕರಡು ಮೇಜಿನ ಮೇಲಿತ್ತು. ಪಟ್ಟಿಯನ್ನು ತೆಗೆದಳು. ಸಾಕ್ಷ್ಯ ಒಂದು, ಕ್ಯಾಪ್ಟನ್ ಕೋಣೆಯ ರೆಕಾರ್ಡರ್. ಸಾಕ್ಷ್ಯ ಎರಡು, ಲಾರಿಯ ಕ್ಯಾಮೆರಾ.

ನಕಲಿನ ಸಾಲನ್ನು ಯಾರೋ ತೆಗೆದಿದ್ದರು. ಕಂಪ್ಯೂಟರ್ ತಾನೇ ಮತ್ತೆ ಎಣಿಸಿ, ಕೆಳಗಿನವರನ್ನೆಲ್ಲ ಒಂದೊಂದು ಮೆಟ್ಟಿಲು ಮೇಲೆ ಹತ್ತಿಸಿತ್ತು. ವರದಿಯ ಮೈಯಲ್ಲಿ ಅವಳು ಕೈಯಾರೆ ಹೊಡೆದ ಸಂಖ್ಯೆಗಳು ಹಳೆಯ ಜಾಗದಲ್ಲೇ ನಿಂತಿದ್ದವು.

ಕುರ್ಚಿಯ ಮೇಲೆ ಕೂತು ಮೊದಲಿನಿಂದ ಓದಿದಳು. ತಾನು ಬರೆದದ್ದನ್ನೇ ಹೊಸಬಳಂತೆ ಓದಿದಳು. ಕ್ಯಾಪ್ಟನ್‌ನ ಎರಡೂ ಕೈಗಳು ಚಕ್ರದ ಮೇಲಿರುವುದು ಸಾಕ್ಷ್ಯ ಎರಡರಲ್ಲಿ, ಅಂದರೆ ಲಾರಿಯ ಕ್ಯಾಮೆರಾದಲ್ಲಿ, ಸ್ಪಷ್ಟವಾಗಿ ಕಾಣುತ್ತದೆ. ಕಟ್ಟೆ ಹತ್ತಿರವಾಗುತ್ತ ಬರುವುದನ್ನು ಸಾಕ್ಷ್ಯ ಮೂರು, ಅಂದರೆ ಪಿನ್ನಿನ ಮೇಲಿನ ತುಂಡು, ಸೆರೆಹಿಡಿದಿದೆ. ಸಾಕ್ಷ್ಯ ಐದರ, ಅಂದರೆ ಹಸಿರು ಫೆರಿಯ ಎಣ್ಣೆಯ, ಮುರಿದ ಮುಖದಲ್ಲಿ ಹಳೆಯ ತುಕ್ಕಿದೆ. ಸಾಕ್ಷ್ಯ ಆರು ಮತ್ತು ಏಳರಲ್ಲಿ, ಅಂದರೆ ಡ್ರಮ್ಮಿನಲ್ಲೂ ಬಿಳಿ ಫೆರಿಯಲ್ಲೂ, ನೀರು ಬೆರೆತಿದೆ. ಸಾಕ್ಷ್ಯ ಎಂಟರಲ್ಲಿ, ಅಂದರೆ ಕ್ಯಾಪ್ಟನ್‌ನ ಹೇಳಿಕೆಯಲ್ಲಿ, ನೀರಿನ ಅಂಶ ಕಂಡುಬಂದಿಲ್ಲ.

ಕೊನೆಯದನ್ನು ಓದಿ ಅವಳಿಗೆ ನಗು ಬರಲಿಲ್ಲ. ಆ ಹೊತ್ತಿಗೆ ಕ್ಯಾಪ್ಟನ್ ಯಾವ ಕರೆಯನ್ನೂ ಮಾಡಿರಲಿಲ್ಲ, ಬಂದಿರಲೂ ಇಲ್ಲ, ನೋಡಿ ಸಾಕ್ಷ್ಯ ಹತ್ತು. ಪಟ್ಟಿ ಒಂಬತ್ತಕ್ಕೇ ಮುಗಿದಿತ್ತು. ಹತ್ತು ಎನ್ನುವ ಸಾಕ್ಷ್ಯವೇ ಇರಲಿಲ್ಲ. ಕ್ಯಾಪ್ಟನ್ ಫೋನಿನಲ್ಲಿರಲಿಲ್ಲ ಎನ್ನುವುದಕ್ಕೆ ಆಧಾರ ಗಾಳಿಯಲ್ಲಿ ತೂಗುತ್ತಿತ್ತು. ಹಸಿರು ಫೆರಿಯ ಎಣ್ಣೆಯಲ್ಲಿ ನೀರಿತ್ತು ಎಂದು ಇಡೀ ವರದಿಯಲ್ಲಿ ಎಲ್ಲೂ ಉಳಿದಿರಲಿಲ್ಲ.

ನಿರ್ದೇಶಕರ ಕೋಣೆಗೆ ಹೋದಾಗ ಅವರು ಕನ್ನಡಕ ಒರೆಸುತ್ತಿದ್ದರು.

"ಸರ್, ಪಟ್ಟಿಯಿಂದ ಎರಡನೇ ಸಾಲು ತೆಗೆದಿದ್ದೀರಾ?"

"ಹ್ಞೂಂ. ಮೊದಲನೆಯದೂ ಎರಡನೆಯದೂ ಒಂದೇ ತಾನೇ? ಒಂದು ದೃಶ್ಯ, ಎರಡು ಸಾಲು. ಯಾರಾದ್ರೂ ನೋಡಿದ್ರೆ ಪುಟ ತುಂಬಿಸೋಕೆ ಮಾಡಿದ್ದಾರೆ ಅಂತಾರೆ."

"ಮಿಕ್ಕಿದ ಸಂಖ್ಯೆಗಳೆಲ್ಲ ಜಾರಿಬಿಟ್ಟಿದೆ ಸರ್. ಬಿಳಿ ಫೆರಿಯಲ್ಲಿ ನೀರಿದೆ ಅಂತ ಆಗಿದೆ. ನಿನ್ನೆಯಿಂದ ಅದು ನಿಂತಿದೆ."

ನಿರ್ದೇಶಕರು ಕನ್ನಡಕ ಹಾಕಿಕೊಂಡು ಪಟ್ಟಿಯನ್ನೂ ಮೈಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಅವರ ಬೆರಳು ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗಿ ಬಂದು, ಹೋಗಿ ಬಂದು, ಕೊನೆಗೆ ನಿಂತಿತು.

"ಕ್ಯಾಪ್ಟನ್ ಹೇಳಿಕೆಯಲ್ಲಿ ನೀರಿಲ್ಲ ಅಂತ ಬರೆದಿದ್ದೀಯ" ಎಂದರು.

"ಬಿಳಿ ಫೆರಿಯ ಬಗ್ಗೆ ಬರೆದಿದ್ದೆ ಸರ್."

"ಕಂಪ್ಯೂಟರ್ ಯಾಕೆ ತಾನೇ ಎಣಿಸ್ತು?"

"ನಾನೇ ಎಣಿಸೋಕೆ ಬಿಟ್ಟಿದ್ದೆ. ಪಟ್ಟಿಯಲ್ಲೂ ಕೈಯಿಂದಲೇ ಹಾಕಬೇಕಿತ್ತು. ಸಂಖ್ಯೆ ಸಾಲಿಗೆ ಸೇರಿದ್ದಲ್ಲ ಸರ್, ವಸ್ತುವಿಗೆ ಸೇರಿದ್ದು. ಬಾಟಲಿ ಮೇಲೆ ಒಮ್ಮೆ ಅಂಟಿಸಿದ್ಮೇಲೆ ಅದು ಬದಲಾಗಬಾರದು. ತೆಗೆಯೋದಿದ್ರೂ ಆ ಸಂಖ್ಯೆ ಹಾಗೇ ಖಾಲಿ ಉಳೀಬೇಕು."

"ಹಲ್ಲು ಬಿದ್ದ ಹಾಗೆ ಕಾಣಲ್ವೇನಮ್ಮ?"

"ಕಾಣಲಿ ಸರ್."

ನಿರ್ದೇಶಕರು ಕಿಟಕಿಯ ಆಚೆ ನೋಡಿದರು. ಅಲ್ಲಿಂದ ಅಳಿವೆ ಕಾಣುತ್ತಿತ್ತು, ಫೆರಿ ಕಾಣುತ್ತಿರಲಿಲ್ಲ. "ಒಂದು ಕೆಲಸ ಮಾಡೋಣ. ಸರಿಮಾಡಿದ ಪ್ರತಿ ಕಳಿಸಿಬಿಡೋಣ. ಅದೇ ತಾರೀಖು ಇರಲಿ. ಮೊದಲನೆಯದು ಹರಿದು ಹಾಕಿ ಅಂತ ಫೋನಲ್ಲಿ ಹೇಳಿದ್ರಾಯ್ತು. ಯಾಕೆ ಊರೆಲ್ಲ ಡಂಗುರ ಹೊಡೀಬೇಕು?"

"ಅವರು ಹರಿಯಲ್ಲ ಸರ್. ಆಗ ಒಂದೇ ತಾರೀಖಿನ ಎರಡು ಕರಡು ಇರತ್ತೆ. ಒಂದರಲ್ಲಿ ಸಾಕ್ಷ್ಯ ಏಳು ಅಂದ್ರೆ ಬಿಳಿ ಫೆರಿ, ಇನ್ನೊಂದರಲ್ಲಿ ಗೋದಾಮಿನ ಡ್ರಮ್. ಅವರಿಗೆ ಬೇಕಾದ್ದನ್ನ ಅವರು ಇಟ್ಕೋತಾರೆ."

ನಿರ್ದೇಶಕರ ಎದುರಿಗೇ ಮ್ಯಾನೇಜರ್‌ಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

"ನಮಸ್ಕಾರ ಮೇಡಮ್. ನಿಮ್ಮ ವರದಿ ಬಂದ ಕೂಡ್ಲೇ ಬಿಳಿ ಫೆರಿ ನಿಲ್ಸಿಬಿಟ್ವಿ. ಸುರಕ್ಷತೆ ವಿಷಯದಲ್ಲಿ ನಾವು ರಾಜಿ ಮಾಡ್ಕೊಳ್ಳಲ್ಲ" ಎಂದ ಮ್ಯಾನೇಜರ್.

"ನಿಮ್ಮ ಬೀರುವಿನಲ್ಲಿ ನಾನು ಕೊಟ್ಟ ಮೂರು ಬಾಟಲಿ ಇದಾವಲ್ಲ, ಅದರಲ್ಲಿ ಏಳು ಅಂತ ಬರೆದಿರೋದರ ಚೀಟಿ ಓದ್ತೀರಾ?"

ಬೀಗದ ಕೈ ಹುಡುಕುವ ಸದ್ದು ಕೇಳಿತು. ಬೀರುವಿನ ಬಾಗಿಲು ಕಿರುಗುಟ್ಟಿತು.

"ಸಾಕ್ಷ್ಯ ಏಳು" ಎಂದು ಓದಿದ ಮ್ಯಾನೇಜರ್. "ಗೋದಾಮಿನ ಡ್ರಮ್."

"ಎಂಟು?"

"ಬಿಳಿ ಫೆರಿ."

"ಆರು?"

ಈ ಸಲ ಅವನು ಓದಲಿಲ್ಲ. "ಮೇಡಮ್, ನಮಗೆ ಬಾಟಲಿ ಮುಖ್ಯ ಅಲ್ಲ, ವರದಿ ಮುಖ್ಯ. ವರದಿಯಲ್ಲಿ ನಿಮ್ಮ ಕಚೇರಿ ಮುದ್ರೆ ಇದೆ. ಹಸಿರು ಫೆರಿ ಎಣ್ಣೆಯಲ್ಲಿ ನೀರಿತ್ತು ಅಂತ ಅದರಲ್ಲಿ ಎಲ್ಲೂ ಇಲ್ಲ. ಕ್ಯಾಪ್ಟನ್ ಫೋನಲ್ಲಿರಲಿಲ್ಲ ಅನ್ನೋದಕ್ಕೆ ಸಾಕ್ಷ್ಯ ಹತ್ತು ನೋಡಿ ಅಂತೀರಿ, ಹತ್ತೇ ಇಲ್ಲ. ಅದರ ಮೇಲೇ ನಾವು ಕ್ರಮ ತಗೊಂಡಿದ್ದೀವಿ."

"ಬಾಟಲಿ ಮೇಲಿರೋ ಸಹಿ ನಿಮ್ಮದೇ ಅಲ್ವಾ?"

"ಸಹಿ ನಂದೇ" ಎಂದು ಅವನು ಒಪ್ಪಿಕೊಂಡ. ಫೋನು ಇಟ್ಟುಬಿಟ್ಟ.

ನಿರ್ದೇಶಕರು ಮೇಜಿನ ಮೇಲಿನ ಪೇಪರ್‌ವೆಯ್ಟನ್ನು ತಿರುಗಿಸಿದರು. ಆಮೇಲೆ, "ನಾಳೆ ಎಲ್ಲರನ್ನೂ ಕರೆಸು" ಎಂದರು. "ಬಿಳಿ ಫೆರಿ ಬಗ್ಗೆ ಇವತ್ತೇ ಬರೆದು ಕಳಿಸು, ನಾನು ಸಹಿ ಹಾಕ್ತೀನಿ. ಜನ ದಾಟಲಿ."

ಸಂಜೆಗೆ ಬಿಳಿ ಫೆರಿ ಹೊರಟಿತು. ಅವಳು ಅದರಲ್ಲೇ ಮನೆಗೆ ಹೋದಳು. ಪಕ್ಕದಲ್ಲಿ ಕೂತವರು ಅವಳನ್ನು ಕಂಡು ಸ್ವಲ್ಪ ಸರಿದು ಕೂತರು. ಮನೆಯಲ್ಲಿ ಗಂಡ ಬಡಿಸುತ್ತ, "ಅಮ್ಮ ಎಲ್ಲ ಹೇಳಿದ್ರು" ಎಂದ. ಎಲ್ಲ ಎಂದರೆ ಎಷ್ಟು ಎಂದು ಅವಳು ಕೇಳಲಿಲ್ಲ. ಊಟದ ಮಧ್ಯೆ ಅವಳೇ ಬಾಯಿಬಿಟ್ಟಳು.

"ಒಬ್ಬ ಮನುಷ್ಯನ ಕೆಲಸ ಹೋಗಿದೆ, ನನ್ನ ಸೋಮಾರಿತನಕ್ಕೆ."

"ನೀನು ಸೋಮಾರಿನಾ?" ಎಂದರು ಅತ್ತೆ, ಮೊದಲ ಬಾರಿಗೆ ಅವಳ ಪರ ವಹಿಸಿ. "ಹಾಗಂತ ಬೇರೆ ಯಾರ ಮುಂದೂ ಹೇಳ್ಬೇಡ."

ಮರುದಿನ ಕಚೇರಿಯ ಸಭಾಕೋಣೆಯಲ್ಲಿ ಐದು ಜನ ಸೇರಿದರು. ನಿರ್ದೇಶಕರು, ತನಿಖಾಧಿಕಾರಿ, ಮ್ಯಾನೇಜರ್, ಕ್ಯಾಪ್ಟನ್, ಕ್ಯಾಪ್ಟನ್‌ನ ಹೆಂಡತಿ. ಹೆಂಡತಿಯನ್ನು ಯಾರೂ ಕರೆದಿರಲಿಲ್ಲ. "ಇವರಿಗೆ ಮನೇಲೇ ಮಾತು ಹೊರಡಲ್ಲ, ಇಲ್ಲೇನು ಆಡ್ತಾರೆ ಅಂತ ಬಂದೆ" ಎಂದಳು ಅವಳು, ಕುರ್ಚಿ ಎಳೆದುಕೊಂಡು. ಅವಳನ್ನು ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ.

ತನಿಖಾಧಿಕಾರಿ ಬಟವಾಡೆ ಮಾಡುವವಳಂತೆ ಮೇಜಿನ ಮೇಲೆ ಒಂದೊಂದೇ ಸಾಕ್ಷ್ಯವನ್ನು ಇಟ್ಟಳು. ಸೀಲಿನ ಚೀಲದಲ್ಲಿ ರೆಕಾರ್ಡರ್. ಪಕ್ಕದಲ್ಲಿ ನಕಲು. ಲಾರಿಯ ಕಾರ್ಡು. ಎರಡು ಡಬ್ಬಿಗಳಲ್ಲಿ ಪಿನ್ನಿನ ತುಂಡುಗಳು, ಅವುಗಳ ಗಲೀಜಿನ ಸಮೇತ. ಮ್ಯಾನೇಜರ್ ತಂದ ಮೂರು ಬಾಟಲಿಗಳು, ಸೀಲು ಒಡೆಯದೆ. ಸೀಲಿನ ಸಂಖ್ಯೆಗಳನ್ನು ಅವಳು ಓದಿದಳು, ಮ್ಯಾನೇಜರ್ ತನ್ನ ಹತ್ತಿರವಿದ್ದ ರಸೀದಿಯಲ್ಲಿ ನೋಡಿ ಹೌದೆಂದ. ಆಮೇಲೆ ಕರಡಿನ ಒಂದೊಂದು ವಾಕ್ಯವನ್ನೂ ಓದಿ, ಅದು ಹೇಳುವ ವಸ್ತುವನ್ನು ಬೆರಳಿಟ್ಟು ತೋರಿಸಿ, ಪಟ್ಟಿಯಲ್ಲಿ ಅದೇ ಸಂಖ್ಯೆಯ ಎದುರು ಏನು ಬಂದು ಕೂತಿದೆ ಎಂದೂ ಓದಿದಳು. ಕಟ್ಟೆ ಹತ್ತಿರವಾಗುವುದನ್ನು ಪಿನ್ನು ನೋಡಿದ ವಾಕ್ಯ ಬಂದಾಗ ಎಲ್ಲರೂ ಪಿನ್ನಿನ ಕಡೆ ನೋಡಿದರು. ಎಣ್ಣೆಯ ಮುರಿದ ಮುಖ ಬಂದಾಗ ಬಾಟಲಿಯ ಕಡೆ ನೋಡಿದರು.

ಕ್ಯಾಪ್ಟನ್‌ನ ಹೇಳಿಕೆಯಲ್ಲಿ ನೀರಿನ ಅಂಶ ಕಂಡುಬಂದಿಲ್ಲ ಎಂದು ಓದಿದಾಗ ಕ್ಯಾಪ್ಟನ್ ಮೊದಲ ಬಾರಿಗೆ ಬಾಯಿ ತೆರೆದ.

"ಅದನ್ನ ಓದಿ ನನಗೆ ಸಮಾಧಾನ ಆಗಿತ್ತು ಮೇಡಮ್. ನಾನು ಹೇಳಿದ್ದು ಗಟ್ಟಿ ಅಂತ ಬರೆದಿದ್ದಾರೆ ಅಂದ್ಕೊಂಡೆ."

ಯಾರೂ ನಗಲಿಲ್ಲ. ನಿರ್ದೇಶಕರು ನೀರು ಕುಡಿದರು.

"ಇಲ್ಲಪ್ಪ" ಎಂದಳು ತನಿಖಾಧಿಕಾರಿ. "ಅದು ಬಿಳಿ ಫೆರಿಯ ಎಣ್ಣೆ. ನಿಮ್ಮ ಹೇಳಿಕೆ ಒಂಬತ್ತು. ಅದನ್ನ ಎರಡರ ಜೊತೆ ಸೇರಿಸಿ ನೋಡ್ಬೇಕು." ನಕಲನ್ನು ಕಂಪ್ಯೂಟರಿಗೆ ಹಾಕಿದಳು. ಪರದೆಯ ಮೇಲೆ ಕ್ಯಾಪ್ಟನ್‌ನ ಬೆನ್ನು, ಎರಡು ಕೈ, ಚಕ್ರ. ಕೈಗಳು ಚಕ್ರವನ್ನು ತಿರುಗಿಸುತ್ತವೆ, ಇನ್ನಷ್ಟು ತಿರುಗಿಸುತ್ತವೆ, ಮುಂದಿನ ಗಾಜಿನಲ್ಲಿ ಕಟ್ಟೆ ಮಾತ್ರ ಅಲ್ಲಾಡದೆ ದೊಡ್ಡದಾಗುತ್ತ ಬರುತ್ತದೆ. ಆಮೇಲೆ ಇಡೀ ಚಿತ್ರ ಜಿಗಿದು ವಾಲಿತು.

ಹೆಂಡತಿ ಅದನ್ನು ಅದೇ ಮೊದಲು ನೋಡುತ್ತಿದ್ದಳು. ಗಂಡನ ಕಡೆ ತಿರುಗಿ, "ಇಷ್ಟೆಲ್ಲ ತಿರುಗಿಸಿದ್ದಾ ನೀವು?" ಎಂದಳು.

"ಹೇಳಿದ್ನಲ್ಲ."

"ತಿರುಗಿಸಿದೆ ಅಂದ್ರಿ. ಇಷ್ಟು ಅಂತ ಹೇಳ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡು ಮ್ಯಾನೇಜರ್‌ನನ್ನು ಎವೆಯಿಕ್ಕದೆ ನೋಡುತ್ತ ಕೂತಳು.

ಮ್ಯಾನೇಜರ್ ತನ್ನ ಕೊನೆಯ ಆಕ್ಷೇಪಣೆ ಎತ್ತಿದ. "ಸರಿ, ಸಂಖ್ಯೆ ಜಾರಿದೆ ಅಂತ ಒಪ್ಕೊಳ್ಳೋಣ. ಇವತ್ತು ಜಾರಿದ್ದು ನಾಳೆ ಜಾರಲ್ಲ ಅಂತ ಏನು ಗ್ಯಾರಂಟಿ? ನಿಮ್ಮ ಕಚೇರಿ ಪಟ್ಟಿಯನ್ನೇ ನಂಬೋಕಾಗಲ್ಲ ಅಂದ್ರೆ ಬಾಟಲಿಯನ್ನ ಹೇಗೆ ನಂಬೋದು?"

"ಬಾಟಲಿ ನಿಮ್ಮ ಬೀರುವಿನಲ್ಲೇ ಇತ್ತಲ್ಲ" ಎಂದಳು ತನಿಖಾಧಿಕಾರಿ. "ಬೇಕಾದ್ರೆ ನೀವೇ ಬೇರೆ ಪ್ರಯೋಗಾಲಯಕ್ಕೆ ಕಳಿಸಿ. ಮೂರನ್ನೂ. ಚೀಟಿ ಮಾತ್ರ ಕೀಳ್ಬೇಡಿ."

ಮ್ಯಾನೇಜರ್ ಆರನೆಯ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದ. ಎಣ್ಣೆ ಮಜ್ಜಿಗೆಯಂತೆ ಮಬ್ಬಾಗಿತ್ತು. ಏಳನೆಯದೂ ಹಾಗೇ. ಎಂಟನೆಯದರಲ್ಲಿ ಆಚೆ ಬದಿಯ ಕಿಟಕಿ ಸ್ವಚ್ಛವಾಗಿ ಕಾಣುತ್ತಿತ್ತು. ಅವನು ಮೂರನ್ನೂ ಇದ್ದ ಜಾಗದಲ್ಲೇ, ಇದ್ದ ಕ್ರಮದಲ್ಲೇ ಇಟ್ಟ. "ಕಳಿಸೋ ಅಗತ್ಯ ಇಲ್ಲ ಅನ್ಸತ್ತೆ" ಎಂದ.

ಆಗ ನಿರ್ದೇಶಕರು ಜೇಬಿನಿಂದ ಮಡಿಚಿದ ಹಾಳೆಯೊಂದನ್ನು ತೆಗೆದರು. ತನಿಖಾಧಿಕಾರಿಗೂ ಅದರ ವಿಷಯ ಗೊತ್ತಿರಲಿಲ್ಲ. ಕರಡನ್ನು ಹಿಂತೆಗೆದುಕೊಂಡಿರುವುದಾಗಿ, ಅದರ ಆಧಾರದ ಮೇಲೆ ಯಾರೂ ಯಾವ ಕ್ರಮವನ್ನೂ ಕೈಗೊಳ್ಳಬಾರದೆಂದು, ಹೊಸ ಕರಡು ಹೊಸ ತಾರೀಖಿನಲ್ಲಿ ಬರುವುದೆಂದು ಅದರಲ್ಲಿತ್ತು. ಅವರು ಕೆಳಗಿನ ಸಾಲುಗಳನ್ನು ವರದಿ ಓದುವ ದನಿಯಲ್ಲೇ ಓದಿದರು. "ಪಟ್ಟಿಯ ಎರಡನೇ ಸಾಲನ್ನು ತನಿಖಾಧಿಕಾರಿಯನ್ನು ಕೇಳದೆ ತೆಗೆದವರು ನಿರ್ದೇಶಕರು. ತೆಗೆದರೆ ಸಂಖ್ಯೆ ಜಾರುವಂತೆ ಪಟ್ಟಿ ಮಾಡಿದವರು ತನಿಖಾಧಿಕಾರಿ. ಕಳಿಸುವ ಮೊದಲು ಮೈಯನ್ನೂ ಪಟ್ಟಿಯನ್ನೂ ತಾಳೆ ನೋಡದವರು ಇಬ್ಬರೂ."

ಓದಿ, ಸಹಿ ಹಾಕಿ, ಹಾಳೆಯನ್ನು ಅವಳ ಕಡೆ ತಳ್ಳಿದರು. ಅವಳು ಕೆಳಗೆ ತನ್ನ ಸಹಿ ಹಾಕಿದಳು. ಅವರ ಪೆನ್ನಿನಲ್ಲೇ.

ಕ್ಯಾಪ್ಟನ್‌ನ ಅಮಾನತು ಆ ವಾರವೇ ರದ್ದಾಯಿತು. ಗೋದಾಮಿನ ಡ್ರಮ್ಮಿಗೆ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ, ಡ್ರಮ್ಮು ಸೂರಿನ ಅಂಚಿನ ಕೆಳಗೇ ಇದ್ದುದರಿಂದ ಮಳೆ ಬಂದಾಗ ನೀರು ಒಳಗೆ ಇಳಿಯುತ್ತಿತ್ತು ಎಂಬ ವಿಷಯ ಎರಡನೇ ಭೇಟಿಯಲ್ಲಿ ಹೊರಬಂತು. ಡ್ರಮ್ಮಿನ ಮುಚ್ಚಳಕ್ಕೂ ಒಂದು ಸಂಖ್ಯೆ ಸಿಕ್ಕಿತು, ಹನ್ನೊಂದು. ಅಂತಿಮ ವರದಿ ಮೊದಲಿನದಕ್ಕಿಂತ ದಪ್ಪವಾಯಿತು. ಅದರಲ್ಲಿ ಕ್ಯಾಪ್ಟನ್‌ನ ಹೆಸರೂ ಇರಲಿಲ್ಲ, ಮ್ಯಾನೇಜರ್‌ನ ಹೆಸರೂ ಇರಲಿಲ್ಲ. ಎಣ್ಣೆಯನ್ನು ಎಲ್ಲಿ ಇಡಬೇಕು, ಪಿನ್ನನ್ನು ಯಾವಾಗ ಬಿಚ್ಚಿ ನೋಡಬೇಕು ಎಂಬುದಿತ್ತು. ನಿರ್ದೇಶಕರು ಅದನ್ನು ಕೈಯಲ್ಲಿ ತೂಗಿ ಮುದ್ರೆ ಒತ್ತಿಸಿದರು.

ಹಸಿರು ಫೆರಿ ರಿಪೇರಿಯಾಗಿ ಮತ್ತೆ ನೀರಿಗಿಳಿದ ಬೆಳಿಗ್ಗೆ ತನಿಖಾಧಿಕಾರಿ ಹೊತ್ತಿಗೆ ಮುಂಚೆಯೇ ಕಟ್ಟೆಯಲ್ಲಿದ್ದಳು. ಹೆಗಲಿಗೆ ಇನ್ನೂ ಪಟ್ಟಿ ಕಟ್ಟಿಕೊಂಡಿದ್ದ ಟೀಚರು ಅವಳ ಪಕ್ಕದಲ್ಲಿ ಬಂದು ನಿಂತು, ಕಂಬಿಯನ್ನು ಒಂದೇ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಈಚೆ ದಡ ಹತ್ತಿರವಾದಾಗ ಇಬ್ಬರೂ ಮಾತು ನಿಲ್ಲಿಸಿದರು. ತಿರುಗಬೇಕಾದ ಕಡೆ ಫೆರಿ ನಿಧಾನವಾಗಿ, ಯಾವ ಗಡಿಬಿಡಿಯೂ ಇಲ್ಲದೆ ತಿರುಗಿ ಕಟ್ಟೆಗೆ ಒರಗಿತು.

"ಇವತ್ತೂ ತಡ" ಎಂದು ಹಿಂದಿನಿಂದ ಯಾರೋ ಗೊಣಗಿದರು. ಟೀಚರು ಕಂಬಿ ಬಿಟ್ಟರು. ಮೇಲಿನ ಕೋಣೆಯ ಕಿಟಕಿಯಲ್ಲಿ ಕ್ಯಾಪ್ಟನ್ ತನಿಖಾಧಿಕಾರಿಯನ್ನು ನೋಡಿ ಒಮ್ಮೆ ತಲೆಯಾಡಿಸಿ, ಹಗ್ಗ ಕಟ್ಟುವವರ ಕಡೆ ತಿರುಗಿಕೊಂಡ.